ಅಳುವ ಮಗುವಿಗೊಂದು ಜಾಗ, ಉಸಿರಿಗೊಂದು ಆಟ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ 26 ಮಕ್ಕಳು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ ಕೂರುತ್ತಾರೆ. ಇವರಲ್ಲಿ ಮೂವರಿಗೆ ಭಯ ಹೆಚ್ಚು. ಒಬ್ಬಳಿಗೆ ಓದುವ ಸರದಿ ಬಂದರೆ ಸಾಕು, ಹೊಟ್ಟೆನೋವು ಶುರು. ಒಬ್ಬ, ಅವ್ವ ಬಿಟ್ಟು ಹೋದ ಮೇಲೆ ಅರ್ಧ ಗಂಟೆ ಅಳುತ್ತಾನೆ. ಇನ್ನೊಬ್ಬನಿಗೆ ಜೋರು ಸದ್ದು ಕೇಳಿದರೆ ನಡುಕ. ತರಬೇತಿಯಲ್ಲಿ ಕೇಳಿ ಬಂದು ಕೋಣೆಯಲ್ಲೊಂದು 'ಶಾಂತ ಮೂಲೆ' ಮಾಡಿದ್ದೆ. ಎರಡೇ ದಿನಕ್ಕೆ ಎಲ್ಲರೂ ಅಲ್ಲಿಗೇ ನುಗ್ಗಿ ಆಟ ಶುರುಮಾಡಿದರು. ಮುಖ್ಯ ಶಿಕ್ಷಕರು ತೆಗೆಸಿಬಿಟ್ಟರು. ಇದನ್ನು ಸರಿಯಾಗಿ ಮಾಡುವುದು ಹೇಗೆ? ಉಸಿರಾಟದ ಆಟಗಳು ನಿಜವಾಗಿ ಕೆಲಸಕ್ಕೆ ಬರುತ್ತವೆಯೇ? ಮನೆಯವರಿಗೆ ಏನು ಹೇಳಬೇಕು?

ಉತ್ತರ: ನಿಮ್ಮ ಮೂಲೆ ಕೆಟ್ಟದ್ದು ಅದರಲ್ಲಿ ಏನೋ ಕಡಿಮೆ ಇತ್ತೆಂದಲ್ಲ. ಬಹುಶಃ ಹೆಚ್ಚೇ ಇತ್ತು. ಬಣ್ಣದ ದಿಂಬು, ಗೊಂಬೆ, ಚಿತ್ರದ ಪುಸ್ತಕ ಎಲ್ಲವನ್ನೂ ಒಂದೆಡೆ ಜೋಡಿಸಿಟ್ಟರೆ ಆರು ವರ್ಷದ ಮಗು ಅದನ್ನು ಆಟದ ಜಾಗ ಎಂದೇ ತಿಳಿಯುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಮತ್ತೊಮ್ಮೆ ಮಾಡಿ, ಆದರೆ ಮೂಲೆಯಿಂದ ಶುರುಮಾಡಬೇಡಿ. ಮೊದಲು ಉಸಿರಿನ ಆಟವನ್ನು ಇಡೀ ತರಗತಿಗೆ ಕಲಿಸಿ, ಎರಡು ವಾರ ಕಳೆದ ಮೇಲೆ ಮೂಲೆ ಬರಲಿ. ಈಜು ಬಾರದವನನ್ನು ಹೊಳೆಗೆ ಇಳಿಸಿ, ಕೈ ಹೀಗೆ ಬಡಿ ಎಂದು ದಡದಿಂದ ಕೂಗಿದರೆ ಅವನಿಗೆ ಕೇಳಿಸುವುದಿಲ್ಲ. ಅಳುತ್ತಿರುವ ಮಗುವಿಗೆ ಉಸಿರಾಟ ಹೇಳಿಕೊಡುವುದೂ ಹಾಗೆಯೇ. ನಗುನಗುತ್ತಾ ಇರುವ ಹೊತ್ತಿನಲ್ಲಿ ಹತ್ತಾರು ಸಲ ಆಡಿದ ಆಟವಾದರೆ ಮಾತ್ರ ಅಳುವಿನ ಹೊತ್ತಿನಲ್ಲಿ ಅದು ನೆನಪಿಗೆ ಬರುತ್ತದೆ.

ಉಸಿರಿನ ಆಟ ಏಕೆ ಕೆಲಸ ಮಾಡುತ್ತದೆ ಎಂಬುದನ್ನು ನೀವು ತಿಳಿದಿದ್ದರೆ ಯಾವ ಆಟ ಸರಿ, ಯಾವುದು ಬೇಡ ಎಂದು ನೀವೇ ಆರಿಸಬಹುದು. ಉಸಿರು ಒಳಗೆ ಎಳೆಯುವಾಗ ನಮ್ಮ ಹೃದಯ ತುಸು ಬೇಗ ಬಡಿಯುತ್ತದೆ, ಹೊರಗೆ ಬಿಡುವಾಗ ತುಸು ನಿಧಾನವಾಗುತ್ತದೆ. ಮಿದುಳಿನ ಬುಡದಿಂದ ಎದೆಗೂ ಹೊಟ್ಟೆಗೂ ಇಳಿದು ಬರುವ ವೇಗಸ್ ನರ ಹೃದಯಕ್ಕೆ ಕಡಿವಾಣ ಹಾಕುವುದು ಉಸಿರು ಹೊರಗೆ ಹೋಗುವ ಹೊತ್ತಿನಲ್ಲೇ ಹೆಚ್ಚು. ಹಾಗಾಗಿ ಮಗುವನ್ನು ಸಮಾಧಾನಕ್ಕೆ ತರುವುದು ಎದೆಯುಬ್ಬಿಸಿ ಎಳೆದುಕೊಂಡ ಗಾಳಿಯಲ್ಲ, ಮೆಲ್ಲಗೆ ಉದ್ದಕ್ಕೆ ಬಿಟ್ಟ ಗಾಳಿ. ನಾವು ಮಾಡುವ ಸಾಮಾನ್ಯ ತಪ್ಪು ಇಲ್ಲೇ ಇದೆ. "ಜೋರಾಗಿ ಉಸಿರು ತಗೋ, ಇನ್ನೂ ತಗೋ" ಎನ್ನುತ್ತೇವೆ. ಮಗು ಹೆಗಲು ಕಿವಿಗೆ ತಾಗುವಂತೆ ಮೇಲೆತ್ತಿ, ಬಾಯಿಂದ ಗಬಗಬ ಗಾಳಿ ನುಂಗುತ್ತದೆ. ಹಾಗೆ ಒಂದೇ ಸಮನೆ ಬೇಗಬೇಗ ಮಾಡುತ್ತಾ ಹೋದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಮೊದಲೇ ಹೆದರಿದ ಮಗುವಿಗೆ ಇದು ಇನ್ನೊಂದು ಹೆದರಿಕೆ. ನೀವು ನೋಡಬೇಕಾದದ್ದು ಹೆಗಲನ್ನು. ಹೆಗಲು ಮೇಲೇರುತ್ತಿದ್ದರೆ ಆಟ ತಪ್ಪುತ್ತಿದೆ ಎಂದರ್ಥ. ಹೆಗಲು ಸುಮ್ಮನಿದ್ದು ಹೊಟ್ಟೆ ಅಲುಗುತ್ತಿದ್ದರೆ ಸರಿಯಾಗಿ ನಡೆಯುತ್ತಿದೆ.

ತರಬೇತಿಗಳಲ್ಲಿ ಹೂವಿನ ವಾಸನೆ ಎಳೆದುಕೊಂಡು ದೀಪ ಊದುವ ಆಟವನ್ನು ಹೇಳಿಕೊಡುವುದುಂಟು. ನಮ್ಮ ಮಕ್ಕಳಿಗೆ ಅದನ್ನು ನಾನು ಹೇಳುವುದಿಲ್ಲ. ದೀಪವನ್ನು ಬಾಯಿಂದ ಊದಿ ಆರಿಸಬಾರದು ಎಂದು ಅವರು ಮನೆಯಲ್ಲಿ ಕೇಳಿಯೇ ಬೆಳೆದಿರುತ್ತಾರೆ. ಎಷ್ಟೋ ಮಕ್ಕಳು ಆ ಆಟದಲ್ಲಿ ಊದಲು ಹಿಂಜರಿದು ಮುಖ ನೋಡುತ್ತಾರೆ. ಅದೂ ಅಲ್ಲದೆ ದೀಪ ಎಂದ ಕೂಡಲೇ ಎಲ್ಲರೂ ಒಂದೇ ಏಟಿಗೆ ಫೂ ಎಂದು ಊದುತ್ತಾರೆ. ಅಂಥ ಉಸಿರು ಚಿಕ್ಕದು, ಬಿರುಸಿನದು. ನಮಗೆ ಬೇಕಾದದ್ದು ಅದರ ವಿರುದ್ಧದ್ದು.

ಅದಕ್ಕಿಂತ ಒಳ್ಳೆಯದು ನಿಮ್ಮ ಶಾಲೆಯಲ್ಲೇ ಬೆಳಿಗ್ಗೆ ಸಿಗುತ್ತದೆ: ಕ್ಷೀರಭಾಗ್ಯದ ಬಿಸಿ ಹಾಲು. 2013ರಿಂದ ನಮ್ಮ ಶಾಲೆಗಳಲ್ಲಿ ಕೊಡುತ್ತಿರುವ ಈ ಹಾಲಿನ ಲೋಟ ಹಿಡಿಯದ ಮಗುವಿಲ್ಲ. ಲೋಟ ಬಿಸಿಯಾಗಿದ್ದಾಗ ಮಕ್ಕಳು ಯಾರೂ ಹೇಳಿಕೊಡದೆಯೇ ಮಾಡುವುದನ್ನು ಆಟವಾಗಿಸಿ. ಎರಡೂ ಕೈಯಲ್ಲಿ ಲೋಟ ಹಿಡಿದಂತೆ ಮಾಡಿ, ಮೂಗಿನಿಂದ ಹಾಲಿನ ವಾಸನೆ ತೆಗೆದುಕೊಳ್ಳಬೇಕು. ಮನಸ್ಸಿನಲ್ಲಿ ಒಂದು, ಎರಡು ಎಣಿಸುವಷ್ಟು ಸಾಕು. ಆಮೇಲೆ ತುಟಿ ಚೂಪು ಮಾಡಿ, ಹಾಲಿನ ಕೆನೆ ಅಲುಗಬೇಕು ಆದರೆ ಹಾಲು ಚೆಲ್ಲಬಾರದು, ಅಷ್ಟು ಮೆಲ್ಲಗೆ ನಾಲ್ಕು ಎಣಿಸುವವರೆಗೆ ಊದಬೇಕು. 'ಚೆಲ್ಲಬಾರದು' ಎಂಬ ಮಾತಿನಲ್ಲೇ ಆಟದ ಗುಟ್ಟಿದೆ. ಜೋರಾಗಿ ಊದಿದವರ ಹಾಲು ಚೆಲ್ಲಿತು ಎಂದು ಮಕ್ಕಳೇ ಹೇಳಿಕೊಳ್ಳುತ್ತಾರೆ, ನೀವು 'ಮೆಲ್ಲಗೆ, ಮೆಲ್ಲಗೆ' ಎಂದು ಕೂಗಬೇಕಾಗಿಲ್ಲ. ಮೊದಲ ಸಲ ನಿಜವಾದ ಲೋಟ ಕೈಯಲ್ಲಿರುವಾಗಲೇ ಆಡಿಸಿ. ಲೋಟ ಕುಡಿಯುವಷ್ಟು ಆರಿರಲಿ, ಕೈ ಸುಡುವಂತಿರಬಾರದು. ಮೂರನೆಯ ದಿನದಿಂದ ಬರಿಗೈಯಲ್ಲಿ ಆಡಬಹುದು. ಒಮ್ಮೆಗೆ ನಾಲ್ಕೈದು ಉಸಿರು ಧಾರಾಳವಾಯಿತು. ಹತ್ತು ಮಾಡಿಸಿದರೆ ಒಂದನೇ ತರಗತಿಯವರ ಗಮನ ಹರಿದುಹೋಗುತ್ತದೆ.

ಎರಡನೆಯದು ದುಂಬಿ. ಬಾಯಿ ಮುಚ್ಚಿ, ಹಲ್ಲು ಸಡಿಲ ಬಿಟ್ಟು 'ಮ್‌ಮ್' ಎಂದು ಗುಂಯ್‌ಗುಡುವುದು. ಯೋಗದ ಭ್ರಾಮರಿ ಪ್ರಾಣಾಯಾಮವೇ ಇದು, ಆದರೆ ಕಿವಿ ಮುಚ್ಚಿಕೊಳ್ಳುವುದು, ಕಣ್ಣು ಮುಚ್ಚುವುದು ಯಾವುದನ್ನೂ ಕಡ್ಡಾಯ ಮಾಡಬೇಡಿ. ಹೆದರಿದ ಮಗುವಿಗೆ ಕಣ್ಣು ಮುಚ್ಚು ಎಂದರೆ ಭಯ ಇಳಿಯುವ ಬದಲು ಏರಬಹುದು. ನೆಲದ ಮೇಲೆ ಒಂದು ಜಾಗ ನೋಡುತ್ತಾ ಗುಂಯ್‌ಗುಡಲಿ. ಎದೆಯ ಮೇಲೆ ಅಂಗೈ ಇಟ್ಟುಕೊಂಡರೆ ಒಳಗಿನ ನಡುಕ ಕೈಗೆ ತಾಗುತ್ತದೆ, ಮಕ್ಕಳಿಗೆ ಅದು ತುಂಬ ಇಷ್ಟ. ಸದ್ದು ಮಾಡಲು ಉಸಿರು ಹೊರಗೆ ಹೋಗಲೇಬೇಕು, ಹಾಗಾಗಿ ಉದ್ದ ಉಸಿರು ತಾನಾಗಿಯೇ ಬರುತ್ತದೆ. ಜೋರು ಸದ್ದಿಗೆ ನಡುಗುವ ನಿಮ್ಮ ಹುಡುಗನಿಗೆ ಇದು ಹಿಡಿಸಬಹುದು, ಏಕೆಂದರೆ ಇಲ್ಲಿ ಸದ್ದಿನ ಯಜಮಾನ ಅವನೇ. ಆದರೆ ಇಡೀ ತರಗತಿ ಒಟ್ಟಿಗೆ ಗುಂಯ್‌ಗುಟ್ಟಿದರೆ ಅವನಿಗೆ ಕಷ್ಟವಾದೀತು. ಮೊದಲು ಒಂದೊಂದೇ ಗುಂಪು ಆಡಲಿ.

ಮೂರನೆಯದನ್ನು ನಮ್ಮ ಮಣ್ಣಿನ ಆಟದಿಂದಲೇ ತೆಗೆದುಕೊಳ್ಳಿ. ಕಬಡ್ಡಿಯಲ್ಲಿ ಎದುರಾಳಿಯ ಅಂಗಳಕ್ಕೆ ಹೋದವನು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಹೋಗಿ ಬರಬೇಕು. ಹೊರಬಿಡುವ ಉಸಿರನ್ನು ಇಷ್ಟು ಹದವಾಗಿ ಆಳಿಸುವ ಆಟ ಬೇರೆ ಯಾವುದಿದೆ! ಕೋಣೆಯಲ್ಲಿ ಇದನ್ನು ಪಿಸುಮಾತಿನಲ್ಲಿ ಆಡಿಸಿ. ತನ್ನ ಗುಂಪಿನಿಂದ ಕೋಣೆಯ ಬಾಗಿಲವರೆಗೆ ಪಿಸುಗುಟ್ಟುತ್ತಾ ಹೆಜ್ಜೆ ಹಾಕಿ, ಅಲ್ಲಿ ಉಸಿರು ಎಳೆದುಕೊಂಡು, ಹಾಗೆಯೇ ವಾಪಸ್ಸು ಬರಬೇಕು. ಒಂದು ನಿಯಮ ಮಾತ್ರ ಬದಲಾಗಬೇಕು: ಉಸಿರು ಪೂರ್ತಿ ಮುಗಿಯುವವರೆಗೆ ಹೋಗುವಂತಿಲ್ಲ, ಇನ್ನೂ ಸ್ವಲ್ಪ ಉಳಿದಿರುವಾಗಲೇ ನಿಲ್ಲಬೇಕು. ಕಟ್ಟಕಡೆಯವರೆಗೆ ಹಿಂಡಿ ಬಿಟ್ಟರೆ ಮುಂದಿನ ಉಸಿರನ್ನು ಏದುಸಿರಾಗಿ ಎಳೆಯಬೇಕಾಗುತ್ತದೆ, ಆಟದ ಫಲವೆಲ್ಲ ಹೋಗುತ್ತದೆ. ಕೂತಲ್ಲಿ ಕೂರಲಾರದ, ಭಯವೆಲ್ಲ ಕಾಲಿಗೆ ಇಳಿದಂತೆ ಚಡಪಡಿಸುವ ಮಕ್ಕಳಿಗೆ ಹಾಲಿನ ಆಟಕ್ಕಿಂತ ಇದು ಹೆಚ್ಚು ಒಗ್ಗುತ್ತದೆ.

ಈ ಮೂರರ ಆಚೆ ಹೊಸದನ್ನು ಹುಡುಕುತ್ತಾ ಹೋಗಬೇಡಿ. ಉಸಿರು ಹಿಡಿದು ಎಣಿಸುವ ಆಟಗಳು ಈ ವಯಸ್ಸಿಗೆ ಬೇಡ. ಬಲೂನು ಊದಿಸುವುದಂತೂ ಬೇಡವೇ ಬೇಡ. ಒಡೆದ ಬಲೂನಿನ ಚೂರು ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ, ಒಡೆಯುವ ಸದ್ದು ಬೇರೆ. ಆಸ್ತಮಾ ಇರುವ ಮಗುವಿದ್ದರೆ ಎಣಿಕೆ ಬಿಟ್ಟುಬಿಡಿ, ತನಗೆ ಸಲೀಸಾದಷ್ಟೇ ಊದಲಿ. ಉಬ್ಬಸ ಬಂದಾಗ ಅದಕ್ಕೆ ಬೇಕಾದದ್ದು ವೈದ್ಯರು ಕೊಟ್ಟ ಇನ್ಹೇಲರ್, ಆಟವಲ್ಲ.

ಹೊತ್ತು ಯಾವುದು ಎಂದರೆ, ದಿನಕ್ಕೆ ಎರಡು ಸಲ: ಪ್ರಾರ್ಥನೆ ಮುಗಿಸಿ ಕೋಣೆಗೆ ಬಂದಾಗ ಒಮ್ಮೆ, ಮಧ್ಯಾಹ್ನದ ಬಿಸಿಯೂಟ ಮುಗಿಸಿ ಆಡಿ ಬಂದಾಗ ಒಮ್ಮೆ. ಒಂದೊಂದಕ್ಕೂ ಎರಡು ನಿಮಿಷ. ಆಟದ ಬಯಲಿನಿಂದ ಓಡಿ ಬಂದ ಹೊತ್ತು ವಿಶೇಷವಾಗಿ ಒಳ್ಳೆಯದು. ಎದೆಯ ಮೇಲೆ ಕೈ ಇಡಲು ಹೇಳಿ, ಡಬಡಬ ಎನ್ನುತ್ತಿರುತ್ತದೆ. ಐದು ಸಲ ಹಾಲು ಊದಿದ ಮೇಲೆ ಮತ್ತೆ ಕೈ ಇಡಲಿ. ಈ ಡಬಡಬ ಓಡಿದಾಗಲೂ ಬರುತ್ತದೆ, ಹೆದರಿದಾಗಲೂ ಬರುತ್ತದೆ, ಎರಡು ಸಲವೂ ತಾನಾಗಿ ಇಳಿಯುತ್ತದೆ ಎಂಬುದು ಮಗುವಿಗೆ ಕೈಯಾರೆ ತಿಳಿಯುತ್ತದೆ. ಭಯಪಡುವ ಮಕ್ಕಳಲ್ಲಿ ಹಲವರು ಹೆದರುವುದು ಹೊರಗಿನ ಸಂಗತಿಗಷ್ಟೇ ಅಲ್ಲ, ತಮ್ಮ ಎದೆಬಡಿತಕ್ಕೂ ಹೆದರುತ್ತಾರೆ. ಆ ಎರಡನೆಯ ಹೆದರಿಕೆ ಹೀಗೆ ಕಡಿಮೆಯಾಗುತ್ತದೆ.

ಈಗ ಮೂಲೆಗೆ ಬರೋಣ. ಜಾಗ ಆರಿಸುವಾಗ ಎರಡು ವಿಷಯ ನೋಡಿ. ನೀವು ಯಾವ ಗುಂಪಿನ ಬಳಿ ಕೂತಿದ್ದರೂ ಅಲ್ಲಿ ಕೂತ ಮಗುವಿನ ತಲೆ ನಿಮಗೆ ಕಾಣಬೇಕು, ಅಲ್ಲಿ ಕೂತ ಮಗುವಿಗೆ ಉಳಿದವರ ಮುಖಗಳು ಎದುರಾಗಬಾರದು. ಬೀರುವಿನ ಹಿಂದೆ ಪೂರ್ತಿ ಮರೆಯಾಗುವ ಜಾಗ ಬೇಡ. ಬಾಗಿಲ ಪಕ್ಕ, ಅಡುಗೆ ಕೋಣೆಗೆ ಅಂಟಿದ ಗೋಡೆ, ಗಂಟೆ ತೂಗುಹಾಕಿದ ಕಡೆ ಕೂಡ ಬೇಡ. ಹಿಂದೆ ಎಂದಾದರೂ ಮಕ್ಕಳನ್ನು ಶಿಕ್ಷೆಯಾಗಿ ನಿಲ್ಲಿಸುತ್ತಿದ್ದ ಮೂಲೆಯಾಗಿದ್ದರೆ ಅದನ್ನಂತೂ ಮುಟ್ಟಬೇಡಿ, ಅಂಥದ್ದನ್ನು ಮಕ್ಕಳು ಮರೆಯುವುದಿಲ್ಲ. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ ಇದ್ದರೆ ಸಾಕು. ಒಬ್ಬರೇ ಕೂರುವ ಜಾಗ ಅದು, ದೊಡ್ಡದಾದಷ್ಟೂ ಇಬ್ಬರು ಮೂವರು ಬರುತ್ತಾರೆ. ಹಳೆಯ ಸೀರೆಯೊಂದನ್ನು ಕೂತ ಮಗುವಿನ ಹೆಗಲಷ್ಟು ಎತ್ತರಕ್ಕೆ ಒಂದು ಬದಿಗೆ ಕಟ್ಟಿ.

ಒಳಗೆ ನಾಲ್ಕೇ ವಸ್ತು ಇರಲಿ. ಕೂರಲು ಒಂದು ಚಾಪೆ ಅಥವಾ ಮಡಿಸಿದ ಜಮಖಾನೆ. ತೊಡೆಯ ಮೇಲೆ ಇಟ್ಟುಕೊಳ್ಳಲು ಸುಮಾರು ಅರ್ಧ ಕೆಜಿ ತೂಕದ ಒಂದು ಬಟ್ಟೆಚೀಲ, ಏಕೆಂದರೆ ಮೈಮೇಲೆ ತುಸು ಭಾರ ಇದ್ದರೆ ಕೆಲವು ಮಕ್ಕಳಿಗೆ ನಿಲುಗಡೆ ಸಿಕ್ಕಂತಾಗುತ್ತದೆ. ಅದಕ್ಕೆ ಜೋಳ, ರಾಗಿ ತುಂಬಿದರೆ ಇಲಿ ಬರುತ್ತದೆ, ಹುಳ ಬೀಳುತ್ತದೆ. ಒಣಗಿಸಿದ ಹುಣಸೆ ಬೀಜ ಅಥವಾ ತೊಳೆದು ಒಣಗಿಸಿದ ಮರಳು ತುಂಬಿ, ಎರಡು ಪದರ ಬಟ್ಟೆಯಲ್ಲಿ ಒತ್ತಾಗಿ ಹೊಲಿಯಿರಿ. ಹೊಲಿಗೆ ಬಿಚ್ಚಿದೆಯೇ ಎಂದು ವಾರಕ್ಕೊಮ್ಮೆ ನೋಡಲೇಬೇಕು, ಚಿಕ್ಕ ಮಕ್ಕಳು ಬೀಜವನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ. ಮೂರನೆಯದು ಗೋಡೆಗೆ ಅಂಟಿಸಿದ ಒಂದು ಚಿತ್ರ, ಹಾಲಿನ ಲೋಟ, ದುಂಬಿ ಮತ್ತು ನಡೆಯುವ ಪಾದಗಳದ್ದು. ಮಕ್ಕಳೇ ಬರೆದಿರಲಿ.

ನಾಲ್ಕನೆಯದು ಚಮಕಿ ಬಾಟಲಿ, ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಆ ಮೂಲೆಯ ಗಡಿಯಾರವೇ ಅದು. ಅರ್ಧ ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು ಹಾಕಿ, ಅದಕ್ಕೆ ಪಾರದರ್ಶಕ ಗಮ್ ಎರಡು ಮೂರು ಚಮಚ, ಸಣ್ಣ ಚಮಕಿ ಪುಡಿ ಒಂದು ಚಮಚ ಬೆರೆಸಿ ಅಲ್ಲಾಡಿಸಿ. ಚಮಕಿಯೆಲ್ಲ ತಳ ಸೇರಲು ಎಷ್ಟು ಹೊತ್ತಾಗುತ್ತದೆ ಎಂದು ನೋಡಿ. ಅರ್ಧ ನಿಮಿಷಕ್ಕೇ ಇಳಿದರೆ ಇನ್ನಷ್ಟು ಗಮ್ ಹಾಕಿ. ಹತ್ತು ನಿಮಿಷವಾದರೂ ತೇಲುತ್ತಿದ್ದರೆ ನೀರು ಸೇರಿಸಿ. ಎರಡರಿಂದ ಮೂರು ನಿಮಿಷಕ್ಕೆ ಇಳಿಯುವಂತೆ ಹದ ಮಾಡಿಕೊಂಡ ಮೇಲೆ ಮುಚ್ಚಳದ ಸುರುಳಿಗೆ ಫೆವಿಕ್ವಿಕ್ ಹಚ್ಚಿ ಬಿಗಿಯಾಗಿ ಮುಚ್ಚಿಬಿಡಿ. ಗಾಜಿನ ಬಾಟಲಿ ಖಂಡಿತ ಬೇಡ. ಬಾಟಲಿ ಒಮ್ಮೆ ಅಲ್ಲಾಡಿಸಿ ಚಮಕಿ ಇಳಿಯುವವರೆಗೆ ಉಸಿರಿನ ಆಟ, ಬೇಕಿದ್ದರೆ ಇನ್ನೊಮ್ಮೆ. ಎರಡು ಸಲ ಆದ ಮೇಲೆ ಎದ್ದು ಬರಬೇಕು. 'ಐದು ನಿಮಿಷ' ಎಂದರೆ ಒಂದನೇ ತರಗತಿಯ ಮಗುವಿಗೆ ಏನೂ ತಿಳಿಯದು. ಚಮಕಿ ಇಳಿದದ್ದು ಕಣ್ಣಿಗೆ ಕಾಣುತ್ತದೆ.

ಗೊಂಬೆ, ಬಣ್ಣ, ಕಥೆಪುಸ್ತಕ ಯಾವುದೂ ಅಲ್ಲಿ ಬೇಡ. ಮೂಲೆ ತುಸು ಬೇಸರ ತರುವಂತಿರಬೇಕು. ಆಗ ಸಮಾಧಾನವಾದ ಮಗುವಿಗೆ ಗೆಳೆಯರ ಹತ್ತಿರ ಹೋಗಬೇಕೆನಿಸುತ್ತದೆ.

ತೆರೆಯುವ ವಾರ ಎಲ್ಲರಿಗೂ ಸರದಿ ಕೊಡಿ. ದಿನಕ್ಕೆ ಐದಾರು ಮಕ್ಕಳು, ಒಬ್ಬೊಬ್ಬರೇ ಹೋಗಿ, ಬಾಟಲಿ ಒಮ್ಮೆ ಇಳಿಯುವವರೆಗೆ ಕೂತು ಬರಲಿ. 26 ಮಕ್ಕಳ ಸರದಿ ಒಂದು ವಾರದಲ್ಲಿ ಮುಗಿಯುತ್ತದೆ. ಇದರಿಂದ ಎರಡು ಲಾಭ. ಏನಿದೆ ಅಲ್ಲಿ ಎಂಬ ಕುತೂಹಲ ತಣಿಯುತ್ತದೆ, ಮತ್ತು ಅದು ಅಳುವವರ ಜಾಗ ಎಂಬ ಹಣೆಪಟ್ಟಿ ಯಾರ ಮೇಲೂ ಬೀಳುವುದಿಲ್ಲ. ನಲಿ-ಕಲಿಯಲ್ಲಿ ನಿಮಗೊಂದು ಅನುಕೂಲವೂ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಈ ಪದ್ಧತಿ ಶುರುವಾದಾಗಿನಿಂದಲೂ ಮಕ್ಕಳು ಗುಂಪುಗಳಲ್ಲಿ ಕೂತು ತಮ್ಮ ತಮ್ಮ ಕಾರ್ಡಿನ ಮೇಲೆ ಕೆಲಸ ಮಾಡುವುದು ವಾಡಿಕೆ. ಎದ್ದು ಹೋಗುವ ಒಂದು ಮಗುವಿನಿಂದ ಪಾಠ ನಿಲ್ಲುವುದಿಲ್ಲ. ಈ ಮಾತನ್ನು ಮುಖ್ಯ ಶಿಕ್ಷಕರ ಮುಂದಿಡಿ. ಒಂದು ತಿಂಗಳ ಮಟ್ಟಿಗೆ ಅನುಮತಿ ಕೇಳಿ, ಯಾರು ಯಾವಾಗ ಮೂಲೆಗೆ ಹೋದರು ಎಂದು ಬರೆದಿಟ್ಟ ಪುಸ್ತಕ ತೋರಿಸುತ್ತೇನೆ ಎನ್ನಿ. ಬರವಣಿಗೆ ಕಂಡರೆ ಹೆಚ್ಚಿನವರು ಒಪ್ಪುತ್ತಾರೆ.

ಅಲ್ಲಿಗೆ ಹೋಗಲು ಮಗು ಬಾಯಿಬಿಟ್ಟು ಕೇಳಬೇಕಾಗಿಲ್ಲ, ಎದೆಯ ಮೇಲೆ ಅಂಗೈ ಇಟ್ಟು ನಿಮ್ಮತ್ತ ನೋಡಿದರೆ ಸಾಕು ಎಂದು ಗೊತ್ತುಮಾಡಿಕೊಳ್ಳಿ. ನೀವು ತಲೆಯಾಡಿಸಿ. ನೀವಾಗಿಯೇ ಕಳಿಸುವ ಸಂದರ್ಭ ಬಂದರೆ 'ಹೋಗು' ಎನ್ನದೆ 'ಬಾ, ಹೋಗೋಣ' ಎಂದು ನಾಲ್ಕು ಹೆಜ್ಜೆ ಜೊತೆಗೆ ನಡೆಯಿರಿ. ಗಲಾಟೆ ಮಾಡಿದ ಮಗುವನ್ನು ಸುಮ್ಮನಾಗಿಸಲು ಒಂದೇ ಒಂದು ಸಲ ಅಲ್ಲಿಗೆ ಅಟ್ಟಿದರೂ ಆ ಜಾಗ ಹೋದಂತೆಯೇ. ಮಗು ಬಿಕ್ಕಿ ಬಿಕ್ಕಿ ಅಳುತ್ತಿರುವಾಗ ಯಾವ ಆಟವನ್ನೂ ಹೇಳಬೇಡಿ. ಪಕ್ಕದಲ್ಲಿ ಕೂತು ನೀವೇ ಸದ್ದಾಗುವಂತೆ ಉದ್ದಕ್ಕೆ ಉಸಿರು ಬಿಡುತ್ತಿರಿ, ಒಂದು ಗುಟುಕು ನೀರು ಕೊಡಿ. ಬಿಕ್ಕು ಕಡಿಮೆಯಾಗುತ್ತಾ ಮಗುವಿನ ಉಸಿರು ನಿಮ್ಮದನ್ನು ಹಿಂಬಾಲಿಸುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಒಂದು ಅಪಾಯ ಉಳಿಯುತ್ತದೆ, ಅದನ್ನು ಹೇಳಲೆಂದೇ ಈ ಉತ್ತರ ಉದ್ದವಾಗಿದೆ. ನಿಮ್ಮ ಹೊಟ್ಟೆನೋವಿನ ಹುಡುಗಿಯಂಥವಳೇ ಒಬ್ಬಳನ್ನು ಧಾರವಾಡ ಕಡೆಯ ಶಾಲೆಯೊಂದರಲ್ಲಿ ಹತ್ತಿರದಿಂದ ನೋಡಿದ್ದೇನೆ. ಎರಡನೇ ತರಗತಿ. ಓದುವ ಕಾರ್ಡು ಕೈಗೆ ಬಂದೊಡನೆ "ಅಕ್ಕೋರ, ಹೊಟ್ಟಿ ನೂಸ್ತೈತ್ರಿ" ಎನ್ನುತ್ತಿದ್ದಳು. ಮೂಲೆ ಮಾಡಿದ ಮೇಲೆ ಅವಳು ಅಲ್ಲಿಗೆ ಹೋಗಿ, ಹಾಲು ಊದಿ, ಮುಖ ಅರಳಿಸಿಕೊಂಡು ಬರತೊಡಗಿದಳು. ಶಿಕ್ಷಕಿಗೆ ಬಹಳ ಸಂತೋಷವಾಗಿತ್ತು. ಆದರೆ ಆಕೆ ಒಂದು ಒಳ್ಳೆಯ ಕೆಲಸ ಮಾಡಿದ್ದರು, ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಸಲವೂ ನಾಲ್ಕು ಸಂಗತಿ ಬರೆದಿಟ್ಟಿದ್ದರು: ಯಾರು ಹೋದರು, ಆಗ ಏನು ನಡೆಯುತ್ತಿತ್ತು, ಬಾಟಲಿ ಎಷ್ಟು ಸಲ ಇಳಿಯಿತು, ಬಂದ ಮೇಲೆ ಅದೇ ಕೆಲಸಕ್ಕೆ ಕೂತರೋ ಇಲ್ಲವೋ. ಮೂರು ವಾರದ ಪುಟ ತಿರುವಿದಾಗ ಚಿತ್ರ ಬೇರೆಯೇ ಇತ್ತು. ಮೊದಲ ವಾರ ಹುಡುಗಿ ಹೋದದ್ದು 3 ಸಲ, ಎರಡನೆಯ ವಾರ 5, ಮೂರನೆಯ ವಾರ 8. ಒಂದೆರಡನ್ನು ಬಿಟ್ಟರೆ ಎಲ್ಲವೂ ಓದಿನ ಹೊತ್ತು. ನಾಲ್ಕನೆಯ ಕಲಮಿನಲ್ಲಿ ಬಹುತೇಕ 'ಇಲ್ಲ' ಎಂದೇ ಇತ್ತು. ಅವಳು ವಾಪಸ್ಸು ಬರುವಷ್ಟರಲ್ಲಿ ಓದುವ ಸರದಿ ದಾಟಿಹೋಗಿರುತ್ತಿತ್ತು.

ಹೆದರಿಕೆ ಹುಟ್ಟಿಸುವ ಕೆಲಸದಿಂದ ತಪ್ಪಿಸಿಕೊಂಡಾಗ ಮೈ ಮನಸ್ಸು ಹಗುರಾಗುತ್ತದೆ, ಆ ಹಗುರವೇ ಮುಂದಿನ ಸಲ ಇನ್ನೂ ಬೇಗ ತಪ್ಪಿಸಿಕೊಳ್ಳುವಂತೆ ಮಾಡುತ್ತದೆ. ಓದಿದರೆ ಏನೂ ಆಗುವುದಿಲ್ಲ ಎಂದು ಕಂಡುಕೊಳ್ಳುವ ಅವಕಾಶವೇ ಆ ಮಗುವಿಗೆ ಸಿಗಲಿಲ್ಲ. ಭಯ ಹಾಗೆಯೇ ಉಳಿಯಿತು, ಜೊತೆಗೆ ಅದಕ್ಕೊಂದು ಅಡಗುತಾಣವೂ ಸಿಕ್ಕಿತು. ಹೋಗುವ ಸಲಗಳು ವಾರದಿಂದ ವಾರಕ್ಕೆ ಏರುತ್ತಿವೆ, ಒಂದೇ ಕೆಲಸದ ಹೊತ್ತಿಗೆ ಬೀಳುತ್ತಿವೆ, ಆ ಕೆಲಸಕ್ಕೆ ಮಗು ಮರಳುತ್ತಿಲ್ಲ. ಈ ಮೂರೂ ಒಟ್ಟಿಗೆ ಕಂಡರೆ ಮೂಲೆ ಅಡಗುತಾಣವಾಗುತ್ತಿದೆ ಎಂದು ತಿಳಿಯಿರಿ.

ಆಮೇಲೆ ಮಾಡಿದ್ದು ಹೀಗೆ. ಹೊಟ್ಟೆನೋವು ಸುಳ್ಳೆಂದು ಯಾರೂ ಹೇಳಲಿಲ್ಲ, ಹೇಳಲೂಬಾರದು. ಭಯಕ್ಕೆ ಕರುಳು ಹಿಡಿದುಕೊಂಡಾಗ ನೋವು ನಿಜವಾಗಿಯೇ ಇರುತ್ತದೆ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಬೇರೆ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಂಡರು. ಕಣ್ಣನ್ನೂ ಪರೀಕ್ಷೆ ಮಾಡಿಸಿದರು, ಏಕೆಂದರೆ ಅಕ್ಷರ ಕಾಣದ ಮಗುವೂ ಓದಲು ಹೆದರುತ್ತದೆ. ಶಾಲೆಗೆ ಬರುವ ಆರ್‌ಬಿಎಸ್‌ಕೆ ಆರೋಗ್ಯ ತಂಡ ಈ ತಪಾಸಣೆ ಮಾಡುತ್ತದೆ. ಅದಾದ ಮೇಲೆ ಹುಡುಗಿಯ ಜೊತೆ ಹೊಸ ಒಪ್ಪಂದವಾಯಿತು: ಓದುವ ಮುಂಚೆ ಮೂಲೆಗೆ ಹೋಗಬಹುದು, ಓದಿದ ಮೇಲೆ ಹೋಗಬಹುದು, ಓದುವ ಬದಲು ಹೋಗುವಂತಿಲ್ಲ.

ಆದರೆ ಓದುವುದನ್ನು ಅವಳಿಗೆ ಎಟುಕುವಷ್ಟಕ್ಕೆ ಇಳಿಸಿದರು. ನಲಿ-ಕಲಿಯ ಗುಂಪುಗಳೇ ಮೆಟ್ಟಿಲಾದವು. ಮೊದಲು ಸ್ವಕಲಿಕೆಯ ಗುಂಪಿನಲ್ಲಿ ಕೂತು ಮೂರು ಪದ ಪಿಸುಮಾತಿನಲ್ಲಿ ತನಗೆ ತಾನೇ ಓದಬೇಕು. ಅದು ಸಲೀಸಾದ ಮೇಲೆ ಗೆಳತಿಯೊಬ್ಬಳ ಕಿವಿಯಲ್ಲಿ. ಆಮೇಲೆ ಶಿಕ್ಷಕಿಯ ಪಕ್ಕ ಕೂತು, ಇಬ್ಬರೂ ಒಟ್ಟಿಗೆ ದನಿಗೂಡಿಸಿ. ಮುಂದೆ ಶಿಕ್ಷಕಿ ದನಿ ತಗ್ಗಿಸುತ್ತಾ ಅವಳೊಬ್ಬಳದೇ ಉಳಿಯುವಂತೆ. ಕಡೆಗೆ ನಾಲ್ಕು ಮಕ್ಕಳ ಗುಂಪಿಗೆ ಒಂದು ವಾಕ್ಯ. ಪ್ರತಿ ಮೆಟ್ಟಿಲಿಗೂ ಮುಂಚೆ ಮೂರು ಸಲ ಹಾಲು ಊದುವುದು, ಓದಿದ ಮೇಲೆ ಒಮ್ಮೆ. ಒಂದು ಮೆಟ್ಟಿಲಿನಲ್ಲಿ ಎರಡು ಮೂರು ದಿನ ಹೊಟ್ಟೆಯ ಮಾತಿಲ್ಲದೆ ಕಳೆದರೆ ಮಾತ್ರ ಮುಂದಿನದು. ಗೆಳತಿಯ ಕಿವಿಯಲ್ಲಿ ಓದುವ ಮೆಟ್ಟಿಲು ಬೇಗ ಆಯಿತು. ಶಿಕ್ಷಕಿ ದನಿ ತಗ್ಗಿಸಿದ ಮೆಟ್ಟಿಲಿನಲ್ಲಿ ಅತ್ತುಬಿಟ್ಟಳು. ಆಗ ಹಿಂದಿನ ಮೆಟ್ಟಿಲಿಗೆ ಬಂದು ಮತ್ತೆ ಹತ್ತಿದರು. ಅವಸರ ಮಾಡಲಿಲ್ಲ, ಹಾಗೆಂದು ಬಿಟ್ಟುಕೊಡಲೂ ಇಲ್ಲ.

ದಸರಾ ರಜೆಯ ಹೊತ್ತಿಗೆ ಅವಳು ತನ್ನ ಗುಂಪಿಗೆ ಪೂರ್ತಿ ಕಾರ್ಡು ಓದುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಅವಳ ಹೆಸರು ವಾರಕ್ಕೆ ಒಂದೋ ಎರಡೋ ಸಲ ಬರುತ್ತಿತ್ತು, ನಾಲ್ಕನೆಯ ಕಲಮಿನಲ್ಲಿ 'ಹೌದು' ಎಂದು. ಹೊರಗಿನ ಅಧಿಕಾರಿಗಳು ಬಂದು ಓದಿಸಿದರೆ ಆಗಲೂ ಹೊಟ್ಟೆ ನೋಯುತ್ತಿತ್ತು. ಉಸಿರಾಟ ಭಯವನ್ನು ಕಿತ್ತು ಹಾಕಲಿಲ್ಲ. ಭಯವಿದ್ದರೂ ಕಾರ್ಡಿನ ಮುಂದೆ ಕೂತಿರುವಷ್ಟು ಹೊತ್ತನ್ನು ಅವಳಿಗೆ ಕೊಟ್ಟಿತು, ಉಳಿದದ್ದನ್ನು ಆ ಮೆಟ್ಟಿಲುಗಳು ಮಾಡಿದವು. ಉಸಿರಿನ ಆಟಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಉಳಿದಿಬ್ಬರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅವ್ವನನ್ನು ನೆನೆದು ಅಳುವವನಿಗೆ ಬಂದ ಕೂಡಲೇ ಬಾಟಲಿ ಒಮ್ಮೆ ಇಳಿಯುವಷ್ಟು ಹೊತ್ತು ಮೂಲೆ, ಆಮೇಲೆ ತಕ್ಷಣ ಕೈಗೊಂದು ಕೆಲಸ. ಹಾಲಿನ ಲೋಟ ಎಣಿಸಿ ಜೋಡಿಸುವುದು ಅವನ ಪಾಲಿಗಿರಲಿ. ಅವ್ವ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡುತ್ತಿದ್ದರೆ ಅಳು ಉದ್ದವಾಗುತ್ತದೆ. ಒಂದು ಮಾತು ಹೇಳಿ, ತಲೆ ಸವರಿ, ಹೊರಟುಬಿಡಲಿ, ಆದರೆ ಕಣ್ಣುತಪ್ಪಿಸಿ ಹೋಗಬಾರದು. ಸದ್ದಿಗೆ ನಡುಗುವವನಿಗೆ ಗಂಟೆ ಬಾರಿಸುವ ಮುಂಚೆ ಸನ್ನೆ ಕೊಡಿ. ಕೆಲವು ದಿನ ಕಳೆದ ಮೇಲೆ ಅವನ ಕೈಯಲ್ಲೇ ಗಂಟೆ ಬಾರಿಸಿ ನೋಡಿ. ಅವನ ಕಿವಿಯನ್ನೂ ಒಮ್ಮೆ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಮೂಲೆಯ ಕೈಗೆ ಮೀರಿದ್ದೂ ಇರುತ್ತದೆ. ವಾರಗಟ್ಟಲೆ ಶಾಲೆಗೆ ಬರಲೊಲ್ಲದ ಮಗು, ಮನೆಯಲ್ಲಿ ಚೆನ್ನಾಗಿ ಮಾತಾಡಿ ಶಾಲೆಯಲ್ಲಿ ತಿಂಗಳಾದರೂ ಬಾಯಿ ಬಿಡದ ಮಗು, ನಿದ್ದೆ ಊಟ ಕೆಟ್ಟ ಮಗು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದನ್ನು ಮತ್ತೆ ಶುರುಮಾಡಿದ ಮಗು, ಇವರಿಗೆ ವೈದ್ಯರ ನೆರವು ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮಗು ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಹೆದರುತ್ತಿದ್ದರೆ, ಮೈಮೇಲೆ ಗಾಯ ಕಂಡರೆ, ಮನೆಗೆ ಹೋಗಲು ಅಂಜುತ್ತಿದ್ದರೆ ಅದು ಉಸಿರಿನ ಆಟದಿಂದ ಸಮಾಧಾನ ಮಾಡುವ ವಿಷಯವೇ ಅಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಆ ದಿನವೇ ತಿಳಿಸಿ.

ಮನೆಯವರಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ಭಯ, ಆತಂಕ ಎಂಬ ಮಾತಿನಿಂದ ಶುರುಮಾಡಿದರೆ ಅವ್ವ ಗಾಬರಿಯಾಗುತ್ತಾಳೆ, ಅಪ್ಪ ಸಿಟ್ಟಾಗುತ್ತಾನೆ. ಮಗುವಿನಿಂದಲೇ ಹಾಲಿನ ಆಟ ಮಾಡಿಸಿ ತೋರಿಸಿ. ರಾತ್ರಿ ಮಲಗುವ ಮುಂಚೆ ಐದು ಸಲ ಜೊತೆಗೆ ಊದಿ ಎನ್ನಿ. ಸಂಜೆ ಮಗು ಬಂದಾಗ "ಇವತ್ತೂ ಅತ್ತೀ ಏನು?" ಎಂದು ಕೇಳುವುದನ್ನು ಬಿಟ್ಟು, "ಇವತ್ತ ಯಾವ ಕಾರ್ಡ್ ಓದಿದಿ?" ಎಂದು ಕೇಳಲಿ. ಮಗು ಒಂದು ಪದ ಹೇಳಿದರೂ ಅದನ್ನು ಕೂತು ಕೇಳಿಸಿಕೊಳ್ಳಲಿ.